ಹನಿ ಹನಿ ಕೂಡಿದರೆ ಹಳ್ಳ: ಒಂದು ಗಾದೆಯ 40 ಸೆಕೆಂಡಿನ ಅನಿಮೇಷನ್‌ಗೆ ಯಾವ ದಾರಿ?

ಗಾದೆ ಗೊತ್ತಿದೆ, ಫೋನ್ ಕೈಯಲ್ಲಿದೆ, ಒಂದು ನಿಮಿಷ ಮೀರಬಾರದು ಅನ್ನುವ ಷರತ್ತೂ ಇದೆ. ಸಿಕ್ಕಿಕೊಳ್ಳುವುದು ಮುಂದಿನ ಪ್ರಶ್ನೆಯಲ್ಲಿ. ಕಾಗದ ಕತ್ತರಿಸಿ ಜರುಗಿಸುತ್ತ ಫೋಟೊ ತೆಗೆಯಬೇಕೋ, ನಿಜವಾದ ವಸ್ತುವನ್ನೇ ಇಟ್ಟು ತೆಗೆಯಬೇಕೋ, ಫೋನಿನ ಮೇಲೆ ಒಂದೊಂದೇ ಚಿತ್ರ ಬರೆಯಬೇಕೋ, ಇಲ್ಲಾ ಲ್ಯಾಪ್‌ಟಾಪ್ ಹಿಡಿದು ಕೂರಬೇಕೋ? ಕಲಬುರಗಿ, ಬೀದರ್, ಯಾದಗಿರಿ ಕಡೆಯ ಶಾಲೆ, ಕಾಲೇಜುಗಳಲ್ಲಿ ಇದನ್ನು ಮಾಡಹೊರಟವರಲ್ಲಿ ಹೆಚ್ಚಿನವರು ಮೊದಲು ಆ್ಯಪ್ ಹುಡುಕುತ್ತಾರೆ, ಆಮೇಲೆ ಗಾದೆಯನ್ನು ಅದಕ್ಕೆ ಒಗ್ಗಿಸುತ್ತಾರೆ. ಇದು ತಲೆಕೆಳಗಾದ ಕ್ರಮ. ಯಾವ ದಾರಿ ಅನ್ನುವುದನ್ನು ಗಾದೆಯೇ ಹೇಳಬೇಕು.

ನಾಲ್ಕೂ ದಾರಿಗಳನ್ನು ಒಂದೇ ಗಾದೆಯ ಮೇಲೆ ಒರೆಗೆ ಹಚ್ಚಿದರೆ ವ್ಯತ್ಯಾಸ ಸರಿಯಾಗಿ ಕಾಣುತ್ತದೆ. ಇಲ್ಲಿ ಆರಿಸಿಕೊಂಡದ್ದು ‘ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ’. ಈ ಕಡೆ ಇದು ‘ಹನಿ ಹನಿ ಕೂಡಿದ್ರ ಹಳ್ಳ, ತೆನಿ ತೆನಿ ಕೂಡಿದ್ರ ಬಳ್ಳ’ ಆಗುತ್ತದೆ. ಬಳ್ಳ ಅಂದರೆ ಕಾಳು ಅಳೆಯುವ ಮಾಪು. ಇದು ಗೊತ್ತಿಲ್ಲದ ಮಕ್ಕಳು ಬಳ್ಳಿಯ ಚಿತ್ರ ಬರೆದುಬಿಡುವುದುಂಟು!

ಮೊದಲು ಅಳತೆಗೋಲು

ಗಾದೆಯೊಳಗೆ ಏನಾಗುತ್ತಿದೆ ಅನ್ನುವುದನ್ನು ಮೊದಲು ನೋಡಬೇಕು. ನಮ್ಮ ಗಾದೆಯಲ್ಲಿ ‘ಕೂಡುವುದು’ ನಡೆಯುತ್ತದೆ. ಒಂದು ವಸ್ತು ಹತ್ತಾಗಿ, ನೂರಾಗಿ, ಕಡೆಗೆ ಬೇರೊಂದು ವಸ್ತುವೇ ಆಗಿಬಿಡುತ್ತದೆ. ಹಾಗಾಗಿ ನೂರಾರು ಚಿಕ್ಕ ವಸ್ತುಗಳನ್ನು ಸುಸ್ತಾಗದೆ ತೆರೆಗೆ ತರಬಲ್ಲ ದಾರಿ ನಮಗೆ ಬೇಕು. ಜಿಪುಣ ಸಾಹುಕಾರ, ದುಡ್ಡು ಕೂಡಿಡುವ ಹುಡುಗ ಎಂದೆಲ್ಲ ಕಥೆ ಕಟ್ಟಲು ಹೋದರೆ 40 ಸೆಕೆಂಡು ಪಾತ್ರಗಳ ಪರಿಚಯಕ್ಕೇ ಮುಗಿದುಹೋಗುತ್ತದೆ. ಹನಿ, ಹಳ್ಳ, ಕಾಳು, ಬಳ್ಳ ಇಷ್ಟೇ ಸಾಕು.

ಎರಡನೆಯದು ಚಿತ್ರಗಳ ಲೆಕ್ಕ. ಸೆಕೆಂಡಿಗೆ 12 ಚಿತ್ರ ಹಿಡಿದರೆ 40 ಸೆಕೆಂಡಿಗೆ 480 ಬೇಕು. ಎಲ್ಲವನ್ನೂ ಹೊಸದಾಗಿ ಮಾಡಬೇಕಿಲ್ಲ, ಹರಿಯುವ ನೀರಿನಂಥದ್ದನ್ನು ಮರಳಿ ಮರಳಿ ಓಡಿಸಬಹುದು. ಪ್ರತಿ ದಾರಿಯಲ್ಲೂ ನಿಜವಾಗಿ ಎಷ್ಟು ಹೊಸ ಚಿತ್ರ ಬೇಕಾಗುತ್ತದೆ ಅನ್ನುವುದರ ಮೇಲೆ ನಿಮ್ಮ ಭಾನುವಾರಗಳು ನಿಂತಿವೆ.

ಮೂರನೆಯದು ತಪ್ಪಿನ ಬೆಲೆ. ಮಧ್ಯದಲ್ಲಿ ಒಂದು ಕಡೆ ಕೆಟ್ಟರೆ ಅಷ್ಟನ್ನೇ ಸರಿ ಮಾಡಬಹುದೋ, ಮೊದಲಿನಿಂದ ಶುರು ಮಾಡಬೇಕೋ? ದುಡ್ಡಿನ ಲೆಕ್ಕ ಕೊನೆಗೆ ಬರಲಿ. ಮೊದಲ ಮೂರು ದಾರಿಗಳಿಗೆ ಫೋನ್ ಬಿಟ್ಟರೆ ಕೆಲವು ನೂರು ರೂಪಾಯಿ ಮೀರುವುದಿಲ್ಲ.

ಯಾವ ದಾರಿ ಹಿಡಿದರೂ ಧ್ವನಿ ಮೊದಲು ಆಗಬೇಕು. ಗಾದೆ ಹೇಳುವ ದನಿಯನ್ನು ಫೋನಿನಲ್ಲೇ ರೆಕಾರ್ಡ್ ಮಾಡಿ, ಗಡಿಯಾರ ಹಿಡಿದು ಅಳೆಯಿರಿ. ನಿಧಾನವಾಗಿ ಹೇಳಿದರೆ ಎರಡೂ ಅರ್ಧ ಸೇರಿ 5-6 ಸೆಕೆಂಡು. ಖಾಲಿ ಕೋಣೆಯಲ್ಲಿ ಗೋಡೆ ಮಾರ್ದನಿ ಕೊಡುತ್ತದೆ. ದಪ್ಪ ಕೌದಿಯನ್ನು ತಲೆಯ ಮೇಲೆ ಹೊದ್ದುಕೊಂಡು ಮಾತಾಡಿದರೆ ಅದು ಹೋಗುತ್ತದೆ, ಮೇ ತಿಂಗಳಲ್ಲಿ ಮಾತ್ರ ಎರಡೇ ಟೇಕ್‌ಗೆ ಮುಗಿಸಿ.

ನಮ್ಮ 40 ಸೆಕೆಂಡಿನ ಹಂಚಿಕೆ ಹೀಗಿದೆ: ಮೊದಲ 4 ಸೆಕೆಂಡು ಮೌನ, ಒಂದೇ ಹನಿ. ಆಮೇಲೆ 14 ಸೆಕೆಂಡಿನಲ್ಲಿ ಹನಿಯಿಂದ ಹಳ್ಳ, ಮೊದಲರ್ಧದ ಮಾತು ಅದರ ಕೊನೆಗೆ. ನಂತರ 3 ಸೆಕೆಂಡಿನಲ್ಲಿ ಒಂದು ಹನಿ ಹಳ್ಳದಿಂದ ಚಿಮ್ಮಿ ಜೋಳದ ಕಾಳಾಗುತ್ತದೆ. ಮುಂದಿನ 13 ಸೆಕೆಂಡು ಕಾಳಿನಿಂದ ಬಳ್ಳ, ಅದರ ಕೊನೆಗೆ ಎರಡನೆಯರ್ಧ. ಉಳಿದ 6 ಸೆಕೆಂಡಿಗೆ ತುಂಬಿದ ಬಳ್ಳ ಮತ್ತು ಅಕ್ಷರ. ಹನಿಯೂ ಕಾಳೂ ಬೆಳ್ಳಗೆ, ಗುಂಡಗೆ, ತುದಿ ಸ್ವಲ್ಪ ಚೂಪಾಗಿ ಇರುವುದರಿಂದ ಆ 3 ಸೆಕೆಂಡು ಸುಲಭವಾಗಿ ಕೂಡಿಬರುತ್ತದೆ. ಗಾದೆಯ ಎರಡು ಅರ್ಧಗಳನ್ನು ಪ್ರಾಸ ಹೇಗೆ ಬೆಸೆದಿದೆಯೋ ತೆರೆಯ ಮೇಲೆ ಆ ಆಕಾರ ಹಾಗೆ ಬೆಸೆಯುತ್ತದೆ. ಹನಿ ಬೀಳುವುದೂ ಬಳ್ಳ ತುಂಬುವುದೂ ಮೇಲೆ-ಕೆಳಗಿನ ಚಲನೆ. ಆದ್ದರಿಂದ ಚೌಕಟ್ಟು ಉದ್ದುದ್ದ ಇರಲಿ, 1080 ಅಗಲ, 1920 ಎತ್ತರ.

ನಿಜವಾದ ಜೋಳ, ನಿಜವಾದ ಬಳ್ಳ

ಗಾದೆಯ ಎರಡನೆಯ ಅರ್ಧಕ್ಕೆ ಇದನ್ನು ಮೀರಿಸುವ ದಾರಿಯಿಲ್ಲ. ಬಿಳಿಜೋಳದ ಕಾಳಿಗೆ ತನ್ನದೇ ಹೊಳಪು, ತನ್ನದೇ ನೆರಳು ಇರುತ್ತದೆ. ಎಷ್ಟು ಬರೆದರೂ ಅದು ಬರುವುದಿಲ್ಲ. ಹಿಂಗಾರಿ ಜೋಳ ರಾಶಿಯಾಗುವ ಫೆಬ್ರುವರಿ, ಮಾರ್ಚಿನಲ್ಲಿ ತೆನೆಯೂ ಸಿಗುತ್ತದೆ. ಉಳಿದ ತಿಂಗಳಿಗೆ ಬೇಕಾದರೆ ನಾಲ್ಕು ತೆನೆ ಒಣಗಿಸಿ ಕಾಗದದಲ್ಲಿ ಸುತ್ತಿಡಿ.

ಕಾಳು ನಯವಾದ ಟೈಲ್ಸ್ ಮೇಲೆ ಉರುಳುತ್ತದೆ. ಒಂದು ಕಾಳು ಇಡಲು ಹೋದರೆ ಪಕ್ಕದ ಮೂರು ಜರುಗುತ್ತವೆ. ಕರಿ ಕಂಬಳಿ ಹಾಸಿದರೆ ಒರಟು ನೂಲಿಗೆ ಕಾಳು ಸಿಕ್ಕಿ ಕೂರುತ್ತದೆ, ಕಪ್ಪಿನ ಮೇಲೆ ಬಿಳುಪು ಎದ್ದು ಕಾಣುತ್ತದೆ. ಆದರೆ ಕಂಬಳಿಯಿಂದ ಒಂದು ತೊಂದರೆಯೂ ಇದೆ. ಚೌಕಟ್ಟು ತುಂಬ ಕಪ್ಪೇ ಇದ್ದಾಗ ಫೋನ್ ಬೆಳಕು ಸಾಲದೆಂದು ತಿಳಿದು ತಾನಾಗಿ ಬೆಳಕು ಹೆಚ್ಚಿಸುತ್ತದೆ, ಕಾಳು ಸುಣ್ಣದ ಚುಕ್ಕೆಯ ಹಾಗೆ ಬಿಳಚಿಕೊಳ್ಳುತ್ತದೆ. ಕಾಳು ಹೆಚ್ಚಾದಂತೆ ಅದೇ ಫೋನ್ ಬೆಳಕು ಇಳಿಸುತ್ತದೆ, ಇದರಿಂದ ಕಂಬಳಿಯ ಬಣ್ಣ ಚಿತ್ರದಿಂದ ಚಿತ್ರಕ್ಕೆ ಬದಲಾಗುತ್ತದೆ. ಆದ್ದರಿಂದ ಒಂದು ಹಿಡಿ ಕಾಳು ಹರಡಿ, ಬೆಳಕು ಮತ್ತು ಫೋಕಸ್ ಹೊಂದಿಸಿ, ಪರದೆಯನ್ನು ಒತ್ತಿ ಹಿಡಿದು ಎರಡನ್ನೂ ಲಾಕ್ ಮಾಡಿ. ಬಿಳುಪಿನ ಸಮತೋಲನವನ್ನೂ ಪ್ರೊ ಮೋಡ್‌ನಲ್ಲಿ ಒಂದೇ ಅಂಕಿಗೆ ನಿಲ್ಲಿಸಿ. ಆಮೇಲೆ ಕಾಳು ತೆಗೆದು ಮೊದಲ ಚಿತ್ರ ಶುರು ಮಾಡಿ.

ಫೋನನ್ನು ಮೇಲಿನಿಂದ ನೆಟ್ಟಗೆ ಕೆಳಮುಖವಾಗಿ ಹಿಡಿಸಬೇಕು. ಮೇಜಿನ ಅಂಚಿನಿಂದ ಹೊರಚಾಚಿದ ಹಲಗೆ, ಮೇಜಿನ ಕಡೆಯ ತುದಿಗೆ ಇಟ್ಟಿಗೆಯ ಭಾರ, ಹೊರತುದಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿದ ಫೋನ್ ಇದ್ದರೆ ಸಾಕು. ಬೆರಳಿನಿಂದ ಒತ್ತಬೇಡಿ, ಪ್ರತಿ ಒತ್ತಿಗೂ ಚೌಕಟ್ಟು ಕೂದಲೆಳೆಯಷ್ಟು ಸರಿದು ಒಟ್ಟು ಚಿತ್ರ ನಡುಗುತ್ತದೆ. ವೈರಿನ ಇಯರ್‌ಫೋನಿನ ವಾಲ್ಯೂಮ್ ಗುಂಡಿ ಹಲವು ಫೋನುಗಳಲ್ಲಿ ಫೋಟೊ ತೆಗೆಯುತ್ತದೆ, ಇಲ್ಲದಿದ್ದರೆ ಬ್ಲೂಟೂತ್ ರಿಮೋಟ್ ಕೊಳ್ಳಿ. ಇನ್ನೊಂದು ತೊಂದರೆ ಕಡೆಯಲ್ಲಷ್ಟೇ ಗೊತ್ತಾಗುತ್ತದೆ. ಫೋನ್ ಕೆಳಮುಖವಾಗಿದ್ದಾಗ ಯಾವುದು ಉದ್ದ, ಯಾವುದು ಅಡ್ಡ ಎಂದು ಅದಕ್ಕೆ ತಿಳಿಯದೆ ಕೆಲವು ಫೋಟೊ ಮಾತ್ರ ತಿರುಗಿ ಬೀಳುತ್ತವೆ. ಹತ್ತು ಫೋಟೊ ಆದಮೇಲೆ ಒಮ್ಮೆ ಗ್ಯಾಲರಿ ತೆರೆದು ನೋಡಿ. ‘ಸ್ಟಾಪ್ ಮೋಷನ್ ಸ್ಟುಡಿಯೋ’ದಂಥ ಆ್ಯಪ್‌ನಲ್ಲಿ ತೆಗೆದರೆ ಈ ಕಾಟ ಕಡಿಮೆ. ಜೊತೆಗೆ ಹಿಂದಿನ ಚಿತ್ರ ಮಸುಕಾಗಿ ಕಾಣುವುದರಿಂದ ಕಾಳನ್ನು ಎಷ್ಟು ಸರಿಸಬೇಕು ಅನ್ನುವುದೂ ತಿಳಿಯುತ್ತದೆ.

ಕಾಳು ಹೆಚ್ಚಿಸುವ ಬಗೆಗೆ ಬರೋಣ. ಪ್ರತಿ ಚಿತ್ರಕ್ಕೆ ಐದೈದು ಕಾಳು ಸೇರಿಸುತ್ತ ಹೋದರೆ ಮೊದಲು ಚೆಂದ, ಆಮೇಲೆ ಬೆಳೆದದ್ದೇ ಕಾಣುವುದಿಲ್ಲ. 500 ಕಾಳಿಗೆ 5 ಸೇರಿದರೆ ಯಾರ ಕಣ್ಣಿಗೂ ಬೀಳದು. ಅದಕ್ಕೇ ಪ್ರತಿ ಹಂತದಲ್ಲೂ ದುಪ್ಪಟ್ಟು ಮಾಡಬೇಕು: 1, 2, 4, 8, 16. ಈ ಐದು ಹಂತಕ್ಕೆ ಎಂಟೆಂಟು ಚಿತ್ರ, ಒಟ್ಟು 40. ಇಲ್ಲಿ ಒಂದೊಂದು ಕಾಳೂ ಉರುಳಿ ಬಂದು ಸೇರುವುದನ್ನು ತೋರಿಸಿ. 32ರಿಂದ 1024ರವರೆಗಿನ ಆರು ಹಂತಕ್ಕೆ ಆರಾರು ಚಿತ್ರ, ಒಟ್ಟು 36. ಇಲ್ಲಿ ಎಣಿಸುತ್ತ ಕೂರಬೇಡಿ, ಚಮಚದಿಂದ ಅಂದಾಜಿಗೆ ಸುರಿಯಿರಿ. ಸಾವಿರ ಕಾಳಿನ ತೂಕ ಸುಮಾರು 30 ಗ್ರಾಂ, ಅಂದರೆ ಒಂದು ಹಿಡಿ ಅಷ್ಟೆ. ಅದರಿಂದ ಬಳ್ಳ ತುಂಬುವುದಿಲ್ಲ. ಹಾಗಾಗಿ ಇಲ್ಲಿ ಫೋನನ್ನು ಪಕ್ಕಕ್ಕೆ ತಂದು, ಬಳ್ಳದೊಳಗೆ ಬಟ್ಟಲೊಂದನ್ನು ಬೋರಲು ಹಾಕಿ, ಅದರ ಮೇಲೆ ರಟ್ಟು ಹೊಂದಿಸಿ, ಮೇಲಿನ ಎರಡು ಬೆರಳಿನಷ್ಟಕ್ಕೆ ಮಾತ್ರ ಕಾಳು ಹಾಕಿ. ತುಂಬಿ ಶಿಖರವಾಗುವುದಕ್ಕೆ 50 ಚಿತ್ರ. ಅಂಗೈ ಬಂದು ಮೇಲೆ ಆಡಿಸಿ ಸಮ ಮಾಡುವುದಕ್ಕೆ 30. ಒಟ್ಟು 156, ಸರಿಯಾಗಿ 13 ಸೆಕೆಂಡು. ಹೊಸಬರಿಗೆ ಇದು ಮೂರು, ಮೂರೂವರೆ ತಾಸಿನ ಕೆಲಸ.

ಶಿಖರ ಬೆಳೆಯುವುದನ್ನು ಹಿಂದುಮುಂದಾಗಿ ತೆಗೆಯುವುದು ಜಾಣತನ. ಮೊದಲು ಕಣ್ಣಿಗೆ ಹಿತವಾಗುವಂತೆ ತುಂಬಿದ ಬಳ್ಳ ಹೊಂದಿಸಿ, ಚಮಚ ಚಮಚ ಕಾಳು ತೆಗೆಯುತ್ತ ಫೋಟೊ ಹೊಡೆದು, ಆಮೇಲೆ ತಿರುಗಿಸಿ ಓಡಿಸಿ. ಸುರಿಯುತ್ತ ಹೋದರೆ ಕೊನೆಯ ಚಮಚಕ್ಕೆ ಶಿಖರ ಜಾರಿ, ಎರಡು ತಾಸಿನ ಕೆಲಸ ನೆಲದ ಮೇಲೆ ಹರಡುತ್ತದೆ.

ಈ ದಾರಿಯ ದೊಡ್ಡ ವೈರಿ ಬೆಳಕು. ಕಿಟಕಿಯ ಬಿಸಿಲು ಮೂರು ತಾಸಿನಲ್ಲಿ ಗೋಡೆ ದಾಟಿ ಹೋಗುತ್ತದೆ, ಓಡಿಸಿದಾಗ ನೆರಳು ಓಡಾಡುತ್ತದೆ. ಕಿಟಕಿ ಮುಚ್ಚಿ, ಎರಡು ಎಲ್‌ಇಡಿ ಬಲ್ಬನ್ನು ಎರಡು ಬದಿಗೆ ಇಟ್ಟು, ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ನಿಲ್ಲಿಸಿ. ನಮ್ಮ ಕರೆಂಟು 50 ಹರ್ಟ್ಜ್ ಆದ್ದರಿಂದ ಬೇರೆ ವೇಗದಲ್ಲಿ ಪಟ್ಟೆ ಬೀಳಬಹುದು. ಬಿಳಿ ಅಂಗಿ ತೊಟ್ಟು ಬಗ್ಗಿದರೆ ಅಂಗಿಯ ಬೆಳಕು ಕಾಳಿನ ಮೇಲೆ ಬೀಳುತ್ತದೆ, ಕಪ್ಪು ಅಂಗಿ ತೊಡಿ. ಕರೆಂಟು ಹೋಗಿ ಇನ್ವರ್ಟರಿಗೆ ಬದಲಾದಾಗ ಬಲ್ಬಿನ ಬೆಳಕು ತುಸು ಬೇರೆಯಾಗುವುದುಂಟು. ಅಂಥ ಹೊತ್ತಿನಲ್ಲಿ ತೆಗೆಯದೆ ಕಾಯುವುದೇ ಲೇಸು.

ಗಾದೆಯ ಮೊದಲರ್ಧಕ್ಕೆ ಮಾತ್ರ ಈ ದಾರಿ ಸೋಲುತ್ತದೆ. ಶಹಾಬಾದ್ ಫರಸಿಯ ಮೇಲೆ ನೀರಿನ ಹನಿ ಇಟ್ಟರೆ ಕಪ್ಪು ಕಲೆ ಚೆಂದ ಕಾಣುತ್ತದೆ, ಆದರೆ ಮುಂದಿನ ಫೋಟೊ ತೆಗೆಯುವಷ್ಟರಲ್ಲಿ ಅದು ಆರಲು ಶುರುವಾಗುತ್ತದೆ. ಔಷಧಿ ಅಂಗಡಿಯ ಗ್ಲಿಸರಿನ್ ಅನ್ನು ನೀರಿಗೆ ಅರ್ಧಕ್ಕರ್ಧ ಬೆರೆಸಿದರೆ ಹನಿ ಬೇಗ ಆರದೆ ಗುಂಡಗೆ ನಿಲ್ಲುತ್ತದೆ. ಹತ್ತು ಹನಿಗೆ ಇದು ಸಾಕು. ಹಳ್ಳವನ್ನು ಮಾತ್ರ ಗ್ಲಿಸರಿನ್‌ನಲ್ಲಿ ಹರಿಸಲಾಗದು!

ಕಾಗದ ಕತ್ತರಿಸಿ

ಇಪ್ಪತ್ತು, ಮೂವತ್ತು ಮಕ್ಕಳಿರುವ ತರಗತಿಗೆ ಇದೇ ಸರಿ, ಏಕೆಂದರೆ ಕೆಲಸ ಹಂಚಬಹುದು. ಒಬ್ಬರು ಹನಿ ಕತ್ತರಿಸಿದರೆ ಇನ್ನೊಬ್ಬರು ತೆನೆ, ಮತ್ತೊಬ್ಬರು ಬಳ್ಳ. ಡ್ರಾಯಿಂಗ್ ಶೀಟಿಗಿಂತ ತುಸು ದಪ್ಪದ ಕಾರ್ಡ್ ಕಾಗದ ತನ್ನಿ, ತೆಳು ಕಾಗದದ ಅಂಚು ಎದ್ದು ನೆರಳು ಬೀಳುತ್ತದೆ. ಹಿನ್ನೆಲೆಗೆ ಬೂದು ಫರಸಿಯೇ ಆಗಬಹುದು, ಅದು ಅಲುಗಾಡುವುದೂ ಇಲ್ಲ. ಫ್ಯಾನ್ ಹಾಕಿದರೆ ಹನಿಗಳೆಲ್ಲ ಹಾರಿ ಹೋಗುತ್ತವೆ, ಬೇಸಿಗೆಯಲ್ಲಿ ಬೆಳಗಿನ ಹೊತ್ತೇ ಈ ಕೆಲಸಕ್ಕೆ ಲಾಯಕ್ಕು.

ಮಕ್ಕಳು ಎಡವುವುದು ಹನಿ ಬೀಳಿಸುವಲ್ಲಿ. ಪ್ರತಿ ಚಿತ್ರಕ್ಕೂ ಸಮ ದೂರ ಸರಿಸಿದರೆ ಹನಿ ಬಿದ್ದ ಹಾಗೆ ಕಾಣದೆ, ದಾರ ಕಟ್ಟಿ ಇಳಿಸಿದ ಹಾಗೆ ಕಾಣುತ್ತದೆ. ಬೀಳುವ ವಸ್ತು ಪ್ರತಿ ಸಮ ಅವಧಿಯಲ್ಲಿ ಕ್ರಮಿಸುವ ದೂರ 1, 3, 5, 7ರ ಪ್ರಮಾಣದಲ್ಲಿ ಹೆಚ್ಚುತ್ತದೆ. ಎಲೆಯ ತುದಿಯಿಂದ ನೆಲಕ್ಕೆ ಕಾಗದದ ಮೇಲೆ 32 ಸೆಂ.ಮೀ. ಇದ್ದರೆ ನಾಲ್ಕು ಹೆಜ್ಜೆಯಲ್ಲಿ 2, 6, 10, 14 ಸೆಂ.ಮೀ. ಸರಿಸಿ. ಬೀಳುವ ಮುಂಚೆ ಎಲೆಯ ತುದಿಯಲ್ಲಿ ಹನಿ ಐದಾರು ಚಿತ್ರದಷ್ಟು ಹೊತ್ತು ತೂಗಾಡಲಿ. ಅದಕ್ಕಾಗಿ ಚಿಕ್ಕದು, ನಡುವಿನದು, ದೊಡ್ಡದು ಎಂದು ಮೂರು ಗಾತ್ರದ ಹನಿ ಕತ್ತರಿಸಿಟ್ಟುಕೊಳ್ಳಿ. ಆ ತೂಗಾಟ ಕಂಡರೆ ನೋಡುವವರಿಗೆ ಹನಿಯ ಭಾರ ತಿಳಿಯುತ್ತದೆ.

ಕಾಗದದ ಹಳ್ಳ ಸ್ವಲ್ಪ ಬಿಗಿಯಾಗಿಯೇ ಇರುತ್ತದೆ. ನೀಲಿ ಕಾಗದದ ನಾಲ್ಕಾರು ಪಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ಹಿಂದೆ ಮುಂದೆ ಜರುಗಿಸಿದರೆ ಹರಿದ ಭಾವ ಬರುತ್ತದೆ, ನೀರಿನ ಮೆದುವು ಬರುವುದಿಲ್ಲ. ಮಕ್ಕಳ ಕೈಕೆಲಸವೆಂದು ನೋಡುವವರಿಗೆ ಅದೇ ಇಷ್ಟವಾಗುವುದೂ ಉಂಟು. ತಪ್ಪಿನ ಬೆಲೆ ಇಲ್ಲಿ ನಡುವಿನದು. ಆ ದೃಶ್ಯವನ್ನಷ್ಟೇ ಮತ್ತೆ ತೆಗೆಯಬೇಕಾಗುತ್ತದೆ, ಆದರೆ ತುಂಡುಗಳೆಲ್ಲ ಡಬ್ಬಿಯಲ್ಲಿ ಉಳಿದಿರುತ್ತವೆ.

ಫೋನಿನ ಮೇಲೆ ಬರೆದು

ನೀರಿಗೆ ಹೇಳಿ ಮಾಡಿಸಿದ ದಾರಿ ಇದು. ‘ಫ್ಲಿಪಾಕ್ಲಿಪ್’ ಫೋನಿನಲ್ಲೇ ನಡೆಯುತ್ತದೆ, ಉಚಿತ ಆವೃತ್ತಿಯಲ್ಲಿ ಮೂಲೆಗೆ ಅದರ ಗುರುತು ಬೀಳುತ್ತದೆ. ಲ್ಯಾಪ್‌ಟಾಪ್ ಮತ್ತು ಪೆನ್ ಟ್ಯಾಬ್ಲೆಟ್ ಇದ್ದವರಿಗೆ ಕ್ರಿಟಾ ಪೂರ್ತಿ ಉಚಿತ. ಬೆರಳಿನಿಂದ ಬರೆದರೆ ಗೆರೆ ದಪ್ಪವಾಗಿ, ಅಳುಕಿದಂತೆ ಬರುತ್ತದೆ. ನೀರಿಗೆ ಆ ಅಳುಕು ಒಪ್ಪುತ್ತದೆ, ಮನುಷ್ಯನ ಮುಖಕ್ಕಾದರೆ ಒಪ್ಪದು.

ಬಣ್ಣ ತುಂಬುವ ಕೆಲಸವೇ ಅರ್ಧ ಸಮಯ ತಿನ್ನುತ್ತದೆ. ಅದನ್ನು ಕೈಬಿಡಲು ಬೀದರಿನವರಿಗೆ ಮಾದರಿ ಮನೆಯ ಬಾಗಿಲಲ್ಲೇ ಇದೆ. ಬಿದರಿ ಪಾತ್ರೆಯ ಹಾಗೆ ಕಪ್ಪು ಹಿನ್ನೆಲೆ, ಅದರ ಮೇಲೆ ಬೆಳ್ಳಿಯ ಬಣ್ಣದ ಗೆರೆ ಮಾತ್ರ ಇರಲಿ. ಕಂಬಳಿಯ ಮೇಲಿನ ಜೋಳದ ಜೊತೆ ಇದು ಒಂದೇ ಚಿತ್ರದ ಹಾಗೆ ಬೆರೆಯುತ್ತದೆ.

ಲೆಕ್ಕ ಹೀಗೆ ಬರುತ್ತದೆ. ಹನಿ ಬೀಳಲು 4 ಚಿತ್ರ, ಸಿಡಿಯಲು 4. ಮೂರು ತೊರೆಗಳು ಬಂದು ಸೇರಲು 20. ಹರಿಯುವ ಹಳ್ಳಕ್ಕೆ 6 ಚಿತ್ರದ ಸುತ್ತು, ಅದನ್ನೇ ಮತ್ತೆ ಮತ್ತೆ ಓಡಿಸಬೇಕು. ಹೀಗೆ 168 ಚಿತ್ರದ ಜಾಗಕ್ಕೆ ಹೊಸದಾಗಿ ಬರೆಯುವುದು 34 ಮಾತ್ರ. ಒಂದಕ್ಕೆ ಎಂಟು ನಿಮಿಷ ಹಿಡಿದರೂ ಐದು ತಾಸಿನೊಳಗೆ ಮುಗಿಯುತ್ತದೆ. ಸುತ್ತಿನಲ್ಲಿ ಆರನೆಯ ಚಿತ್ರದ ಅಲೆ ಮೊದಲನೆಯದರ ಅಲೆಗೆ ಒಂದು ಹೆಜ್ಜೆ ಹಿಂದೆ ಇರಬೇಕು. ಎರಡೂ ಒಂದೇ ಕಡೆ ಇದ್ದರೆ ಪ್ರತಿ ಅರ್ಧ ಸೆಕೆಂಡಿಗೆ ನೀರು ಮುಗ್ಗರಿಸಿದಂತೆ ಕಾಣುತ್ತದೆ.

ಇಲ್ಲಿ ತಪ್ಪಿನ ಬೆಲೆ ಎಲ್ಲಕ್ಕಿಂತ ಕಡಿಮೆ, ಕೆಟ್ಟ ಚಿತ್ರವೊಂದನ್ನು ಅಳಿಸಿ ಬರೆದರಾಯಿತು. ಆದರೆ ಸಾವಿರ ಕಾಳು ಬರೆಯಲು ಹೊರಟರೆ ಇದೇ ದಾರಿ ಶಿಕ್ಷೆಯಾಗುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ಜೋಡಿಸಿ

ಬ್ಲೆಂಡರ್, ಓಪನ್‌ಟೂನ್ಸ್, ಸಿನ್‌ಫಿಗ್ ಮೂರೂ ಉಚಿತ. ಒಂದು ಕಾಳು ಬರೆದರೆ ಸಾವಿರ ನಕಲು ಮಾಡಬಹುದು. ನಕಲುಗಳೆಲ್ಲ ಒಂದೇ ಅಚ್ಚಿನವಾಗಿ ಕಾಣದಿರಲು ಐದು ಬೇರೆ ಬೇರೆ ಕಾಳು ಬರೆದು, ಅಡ್ಡಾದಿಡ್ಡಿ ತಿರುಗಿಸಿ ಹರಡಬೇಕು. ಕಲಿಯಲು ಎರಡು, ಮೂರು ವಾರ ಹಿಡಿಯುತ್ತದೆ. ಒಂದೇ ಗಾದೆ ಮಾಡುವವರು ಇದಕ್ಕೆ ಕೈ ಹಾಕಬೇಡಿ. ತಿಂಗಳಿಗೊಂದರಂತೆ ಹನ್ನೆರಡು ಗಾದೆ ಮಾಡುವ ಯೋಚನೆಯಿದ್ದರೆ ಮಾತ್ರ ಮೂರನೆಯದಕ್ಕೆ ಬರುವಷ್ಟರಲ್ಲಿ ಈ ಶ್ರಮ ಬಡ್ಡಿ ಸಮೇತ ವಾಪಸಾಗುತ್ತದೆ.

ಕನ್ನಡ ಅಕ್ಷರ ಹೆಚ್ಚಾಗಿ ಕೆಡುವುದು ಇಲ್ಲೇ. ಬ್ಲೆಂಡರಿನಲ್ಲಿ ನೇರವಾಗಿ ಅಂಟಿಸಿದರೆ ‘ಹಳ್ಳ’ದ ಒತ್ತಕ್ಷರ ಒಡೆದು ‘ಹಳ್‌ಳ’ದಂತೆ ಬಿಡಿಬಿಡಿಯಾಗಿ ನಿಲ್ಲುವುದುಂಟು. ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಫಾಂಟಿನಲ್ಲಿ ಬರೆದು, `Path > Object to Path` ಒತ್ತಿ, ಎಸ್‌ವಿಜಿ ಕಡತವಾಗಿ ತನ್ನಿ. ಆಗ ಅಕ್ಷರ ಬರೀ ಆಕಾರವಾಗುವುದರಿಂದ ಒಡೆಯುವ ಮಾತೇ ಇಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ, ಅದನ್ನು ಮೊದಲು ಯೂನಿಕೋಡಿಗೆ ಬದಲಿಸಬೇಕು.

ಹಾಗಾದರೆ ಯಾವುದು?

ಒಬ್ಬರೇ ಇದ್ದು ಎರಡು ದಿನ ಬಿಡುವಿದ್ದರೆ ನೀರನ್ನು ಬರೆಯಿರಿ, ಕಾಳನ್ನು ಇಟ್ಟು ತೆಗೆಯಿರಿ. ಕೈಗೆ ಸಿಗುವುದನ್ನು ಇಡಬೇಕು, ಸಿಗದ್ದನ್ನು ಬರೆಯಬೇಕು. ಈ ಗಾದೆಗೆ ನಮ್ಮ ಮತ ಇದಕ್ಕೇ. ತರಗತಿಗಾದರೆ ಎರಡೂ ಅರ್ಧ ಕಾಗದದಲ್ಲೇ ಆಗಲಿ, ಕೊನೆಯ ಬಳ್ಳ ಮಾತ್ರ ನಿಜವಾದದ್ದಿರಲಿ. ಚಿತ್ರ ಬರೆಯಲು ಬಾರದವರು ಇಡೀ ಗಾದೆಯನ್ನು ಬಿಟ್ಟು ‘ತೆನೆ ತೆನೆ ಕೂಡಿದರೆ ಬಳ್ಳ’ ಅನ್ನುವಷ್ಟನ್ನೇ 20 ಸೆಕೆಂಡಿಗೆ ಮಾಡಿದರೂ ಕೊರತೆಯಿಲ್ಲ. ಮೊದಲರ್ಧವನ್ನು ಕೇಳುವವರೇ ಮನಸ್ಸಿನಲ್ಲಿ ಸೇರಿಸಿಕೊಳ್ಳುತ್ತಾರೆ.

ಬೇರೆ ಬೇರೆ ದಾರಿಯಲ್ಲಿ ಮಾಡಿದ ಚಿತ್ರಗಳನ್ನು ಒಂದೇ ಸಾಲಾಗಿ `hani_0001.jpg`, `hani_0002.jpg` ಎಂದು ಹೆಸರಿಟ್ಟರೆ ಜೋಡಿಸಲು ಲ್ಯಾಪ್‌ಟಾಪ್‌ನಲ್ಲಿ ಎಫ್‌ಎಫ್‌ಎಂಪೆಗ್ ತಂತ್ರಾಂಶದ ಒಂದು ಆಜ್ಞೆ ಸಾಕು, ಇದರಲ್ಲಿ `dani.wav` ಅಂದರೆ ಮೊದಲೇ ರೆಕಾರ್ಡ್ ಮಾಡಿಟ್ಟ ದನಿಯ ಕಡತ:

```
ffmpeg -framerate 12 -i hani_%04d.jpg -i dani.wav -vf "scale=-2:1920,crop=1080:1920,format=yuv420p" -r 24 -c:v libx264 -crf 18 -c:a aac hani.mp4
```

ನಡುವೆ ಒಂದು ಅಂಕಿ ತಪ್ಪಿದ್ದರೂ ಚಿತ್ರ ಅಲ್ಲಿಗೇ ನಿಲ್ಲುತ್ತದೆ. 40 ಸೆಕೆಂಡಿನ ಬದಲು 23ಕ್ಕೇ ಚಿತ್ರ ಮುಗಿದರೆ 23ನ್ನು 12ರಿಂದ ಗುಣಿಸಿ, 276ರ ಆಸುಪಾಸಿನಲ್ಲಿ ಯಾವ ಕಡತ ಕಾಣೆಯಾಗಿದೆ ನೋಡಿ.

ಒಗಟಾದರೆ

ಗಾದೆ ತೋರಿಸುತ್ತದೆ, ಒಗಟು ಮುಚ್ಚಿಡುತ್ತದೆ. ಹಾಗಾಗಿ ಒಗಟಿಗೆ ನಿಜವಾದ ವಸ್ತು ಇಟ್ಟರೆ ಮೊದಲ ಸೆಕೆಂಡಿನಲ್ಲೇ ಗುಟ್ಟು ರಟ್ಟಾಗುತ್ತದೆ. ಕಪ್ಪು ಕಾಗದ ಕತ್ತರಿಸಿ, ಹಿಂದಿನಿಂದ ಬೆಳಕು ಬಿಟ್ಟು ನೆರಳಾಕಾರವಾಗಿ ತೋರಿಸಿ, ಉತ್ತರವನ್ನು ಕೊನೆಯ ಐದು ಸೆಕೆಂಡಿಗೆ ಇಟ್ಟುಕೊಳ್ಳುವುದು ಸಾಮಾನ್ಯವಾಗಿ ಸರಿಹೋಗುತ್ತದೆ.

ಇದಕ್ಕೆ ಒಂದು ಅಪವಾದ ನಮ್ಮ ಸೀಮೆಯಲ್ಲೇ ಇದೆ. ‘ಕಲ್ಲರಳಿ ಹೂವಾಗಿ’ ಎಂದು ಶುರುವಾಗುವ ಒಗಟಿನ ಉತ್ತರ ಸುಣ್ಣ. ಶಹಾಬಾದ್, ಸೇಡಂ ಕಡೆಯ ನೆಲವೆಲ್ಲ ಸುಣ್ಣದ ಕಲ್ಲೇ. ಸುಟ್ಟ ಸುಣ್ಣದ ಕಲ್ಲಿನ ಮೇಲೆ ನೀರು ಚಿಮುಕಿಸಿದರೆ ಅದು ಬಿರಿದು, ಉಬ್ಬಿ, ಬಿಳಿ ಪುಡಿಯಾಗಿ ನಿಜಕ್ಕೂ ಅರಳುತ್ತದೆ. ಇಲ್ಲಿ ಏನನ್ನೂ ಜರುಗಿಸಬೇಕಿಲ್ಲ. ಫೋನನ್ನು ನಿಲ್ಲಿಸಿ ಸೆಕೆಂಡಿಗೊಂದು ಫೋಟೊ ತೆಗೆದರೆ ಸಾಕು, ಹತ್ತು ನಿಮಿಷದ 600 ಫೋಟೊ ಸೆಕೆಂಡಿಗೆ 12ರಂತೆ ಓಡಿದಾಗ 50 ಸೆಕೆಂಡಾಗುತ್ತದೆ. ನೋಡುವವರ ಕಣ್ಣೆದುರೇ ಉತ್ತರ ಇದ್ದರೂ ಅವರಿಗೆ ಕಾಣುವುದು ಹೂವು. ಸುಣ್ಣ ಅರಳುವಾಗ ಕುದಿಯುವಷ್ಟು ಬಿಸಿಯಾಗಿ ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು. ಮಕ್ಕಳನ್ನು ದೂರವಿಟ್ಟು, ದೊಡ್ಡವರೊಬ್ಬರು ಕಣ್ಣನ್ನು ಸುತ್ತಲೂ ಮುಚ್ಚುವ ಕನ್ನಡಕ ಹಾಕಿಕೊಂಡು, ಬಯಲಲ್ಲಿ ಕಬ್ಬಿಣದ ಬುಟ್ಟಿಯೊಳಗೆ ಇಟ್ಟು ಮಾಡಬೇಕು. ಫೋನ್ ಮೂರು ಅಡಿ ದೂರ ಇರಲಿ. ಆ ‘ಚುಂಯ್’ ಸದ್ದನ್ನು ಇನ್ನೊಂದು ಫೋನಿನಲ್ಲಿ ಬೇರೆಯಾಗಿ ರೆಕಾರ್ಡ್ ಮಾಡಿಕೊಂಡು, ಉತ್ತರ ಹೇಳುವ ಮುಂಚಿನ ಎರಡು ಸೆಕೆಂಡಿಗೆ ಅದನ್ನೊಂದನ್ನೇ ಬಿಡಿ.